ಒಂದೇ ವಾಸನೆಯ ಮೇಲೆ ಇಡೀ ಕವಿತೆ ನಿಲ್ಲುತ್ತದೆಯೇ?

ಪ್ರಶ್ನೆ: ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯ ಮೇಲೆ ಕವಿತೆ ಬರೆಯಬೇಕೆಂದು ಪ್ರತಿ ವರ್ಷ ಕೂರುತ್ತೇನೆ. ನಾಲ್ಕು ಸಾಲು ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಮುಂದೆ ಬರೆದರೆ ನವಿಲು, ಗುಡುಗು, ಬಾಲ್ಯ ಎಲ್ಲ ಸೇರಿ ವಾಸನೆಯೇ ಕಳೆದುಹೋಗುತ್ತದೆ. ಒಂದೇ ವಾಸನೆಯನ್ನು ಹಿಡಿದು ಕವಿತೆಯನ್ನು ಕೊನೆಯವರೆಗೆ ಒಯ್ಯುವುದು ಹೇಗೆ?

ಉತ್ತರ: ನಾಲ್ಕು ಸಾಲಿಗೆ ಮುಗಿಯುವುದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. ಕಣ್ಣಿಗೆ ಕಂಡದ್ದನ್ನು ಹೇಳಲು ಕೆಂಪು, ಹಳದಿ, ದುಂಡಗೆ, ಚೂಪಗೆ ಎಂದು ಪದಗಳ ರಾಶಿಯೇ ಇದೆ. ಮೂಗಿಗೆ ಅಷ್ಟಿಲ್ಲ. ಕಮಟು, ಮುಗ್ಗಲು ಎಂಬಂಥ ಕೆಲವನ್ನು ಬಿಟ್ಟರೆ ಉಳಿದ ವಾಸನೆಗಳನ್ನೆಲ್ಲ ಅವು ಹುಟ್ಟಿದ ವಸ್ತುವಿನ ಹೆಸರಿನಿಂದಲೇ ಕರೆಯುತ್ತೇವೆ: ಮಲ್ಲಿಗೆ ವಾಸನೆ, ಸೀಮೆಎಣ್ಣೆ ವಾಸನೆ, ಮಣ್ಣಿನ ವಾಸನೆ. ಹಾಗಾಗಿ ‘ಮಣ್ಣಿನ ಘಮ’ ಎಂದು ಬರೆದ ಕೂಡಲೇ ಆ ವಾಸನೆಯನ್ನು ವರ್ಣಿಸುವ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಕಂಪು, ಸೌರಭ, ಸುಗಂಧ ಎಂದು ಎಷ್ಟು ಸೇರಿಸಿದರೂ ಅದು ಅದೇ ಮಾತು.

ವಾಸನೆ ಹೇಗಿದೆ ಎಂದು ಹೇಳಲು ಹೊರಟರೆ ದಾರಿ ಅಲ್ಲಿಗೆ ಮುಚ್ಚುತ್ತದೆ. ಅದು ಎಲ್ಲಿಂದ ಬಂತು, ಯಾರನ್ನು ಮೊದಲು ಮುಟ್ಟಿತು, ಎಷ್ಟು ಹೊತ್ತು ಇತ್ತು, ಹೇಗೆ ಹೋಯಿತು ಎಂದು ಹಿಂಬಾಲಿಸಿದರೆ ತೆರೆಯುತ್ತದೆ. ವಾಸನೆಗೆ ಹುಟ್ಟು, ನಡಿಗೆ, ಕೊನೆ ಮೂರೂ ಇವೆ. ಆ ನಡಿಗೆಯೇ ಕವಿತೆಯ ಕಟ್ಟು. ನಾನೇ ಬರೆದು, ತಿದ್ದಿ, ಮತ್ತೆ ಬರೆದ ಒಂದು ಕವಿತೆಯನ್ನು ಮುಂದಿಟ್ಟುಕೊಂಡು ಇದನ್ನು ತೋರಿಸುತ್ತೇನೆ.

ಅಪ್ಪ ತೀರಿಕೊಂಡ ವರ್ಷದ ಮೊದಲ ಮಳೆಗೆ ನಾನು ಬರೆದದ್ದು ಇದು:

ಮೊದಲ ಮಳೆಗೆ ಧರೆ ತಣಿಯಿತು
ಮಣ್ಣಿನ ಘಮ ಮನ ತುಂಬಿತು
ಬಾಲ್ಯದ ನೆನಪು ಮರುಕಳಿಸಿತು
ಅಪ್ಪನ ಮುಖ ಕಣ್ಮುಂದೆ ಬಂತು

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ನಾಲ್ಕು ಸಾಲಿನಲ್ಲಿ ವಾಸನೆ ಇರುವುದು ಒಂದೇ ಸಾಲಿನಲ್ಲಿ, ಅದೂ ಅರ್ಧ. ಉಳಿದದ್ದೆಲ್ಲ ವಾಸನೆಯಿಂದ ನನಗೆ ಏನಾಯಿತು ಎಂಬ ವರದಿ. ಇಂಥ ಕವಿತೆಗೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮಣ್ಣನ್ನು ತೆಗೆದು ಮಲ್ಲಿಗೆ ಇಟ್ಟು ನೋಡುವುದು. ‘ಮಲ್ಲಿಗೆಯ ಘಮ ಮನ ತುಂಬಿತು, ಬಾಲ್ಯದ ನೆನಪು ಮರುಕಳಿಸಿತು.’ ಏನೂ ಕೆಡಲಿಲ್ಲ, ಸಾಲು ಹಾಗೇ ನಿಂತಿದೆ. ಅಂದರೆ ಈ ಕವಿತೆಗೆ ಮಣ್ಣು ಬೇಕಾಗಿಯೇ ಇರಲಿಲ್ಲ.

ಆಗ ಬರೆಯುವುದನ್ನು ನಿಲ್ಲಿಸಿ ಈ ವಾಸನೆಯ ಬಗ್ಗೆ ನನಗೆ ನಿಜವಾಗಿ ಏನು ಗೊತ್ತು ಎಂದು ಕೇಳಿಕೊಂಡೆ. ಅದರ ವಿಜ್ಞಾನವನ್ನೂ ಓದಿದೆ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಇದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಬಿಸಿಲಿಗೆ ಒಣಗಿದ ಕಲ್ಲು ಮಣ್ಣುಗಳಲ್ಲಿ ಗಿಡಗಳ ಎಣ್ಣೆಯಂಥ ಅಂಶಗಳು ಸೇರಿಕೊಂಡಿರುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ಇನ್ನೊಂದು ವಸ್ತುವನ್ನು ಮಾಡುತ್ತವೆ. ಇದನ್ನು ನಮ್ಮ ಮೂಗು ತೀರ ಅಲ್ಪ ಪ್ರಮಾಣದಲ್ಲಿದ್ದರೂ ಹಿಡಿಯುತ್ತದೆ. ಬೀಟ್‌ರೂಟಿಗೆ ಇರುವ ಮಣ್ಣಿನ ಸೊಗಡೂ ಇದರದ್ದೇ. ಹನಿ ಒಣ ಮಣ್ಣಿಗೆ ಬಿದ್ದಾಗ ಮಣ್ಣಿನ ಸಂದಿಯ ಗಾಳಿ ಸಣ್ಣ ಗುಳ್ಳೆಗಳಾಗಿ ಹನಿಯೊಳಗಿಂದ ಮೇಲೇರಿ ಒಡೆಯುತ್ತದೆ, ಕಣ್ಣಿಗೆ ಕಾಣದ ತುಂತುರು ಮೇಲಕ್ಕೆ ಚಿಮ್ಮುತ್ತದೆ. ಅಮೆರಿಕದ ಎಂಐಟಿಯವರು 2015ರಲ್ಲಿ ವೇಗದ ಕ್ಯಾಮೆರಾ ಇಟ್ಟು ಇದನ್ನು ಚಿತ್ರೀಕರಿಸಿ ತೋರಿಸಿದರು. ಜಡಿಮಳೆಗಿಂತ ಹದವಾದ ಮಳೆಗೇ ಈ ತುಂತುರು ಹೆಚ್ಚು ಏಳುತ್ತದೆ.

ಇದರಲ್ಲಿ ಯಾವ ಪದವೂ ಕವಿತೆಗೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ‘ಪೆಟ್ರಿಕೋರ್’ ಎಂದು ಶೀರ್ಷಿಕೆ ಇಟ್ಟ ಕನ್ನಡ ಕವಿತೆಗಳನ್ನು ಓದಿದ್ದೇನೆ. ಆ ಪದ ನಮ್ಮ ಕಿವಿಗೆ ಯಾವ ಹೊಲವನ್ನೂ ತರುವುದಿಲ್ಲ. ಆದರೆ ಓದಿದ್ದರಿಂದ ಒಂದು ವಿಷಯ ಹೊಳೆಯಿತು, ಕವಿತೆಯನ್ನು ತಿರುಗಿಸಿದ್ದು ಅದೇ. ಮಳೆ ಬರುವ ಮೊದಲೇ ವಾಸನೆ ಬರುತ್ತದಲ್ಲ, ಅದು ನಮ್ಮ ಮಣ್ಣಿನದಲ್ಲ. ನಮ್ಮಲ್ಲಿ ಇನ್ನೂ ಹನಿ ಬಿದ್ದಿಲ್ಲ. ಆಗಲೇ ಮಳೆ ಬಿದ್ದ ಇನ್ನೆಲ್ಲಿಯದೋ ಮಣ್ಣನ್ನು ಗಾಳಿ ನಮ್ಮ ಮೂಗಿಗೆ ತರುತ್ತಿದೆ. ಅಂದರೆ ನಮಗೆ ಮೊದಲು ತಲುಪುವುದು ಪಕ್ಕದೂರಿನ ಮಣ್ಣು. ಇದು ಸಿಕ್ಕ ಮೇಲೆ ಮೊದಲ ಸಾಲಿಗೆ ಹುಡುಕಬೇಕಾಗಲಿಲ್ಲ.

ಎರಡನೆಯ ಕರಡಿನಲ್ಲಿ ಆ ವಾಸನೆಯನ್ನು ಪಕ್ಕದೂರಿನಿಂದ ನಮ್ಮ ಮನೆಯವರೆಗೆ ನಡೆಸಿದೆ. ಮೊದಲು ಪಕ್ಕದೂರು, ಆಮೇಲೆ ದಾರಿ, ಆಮೇಲೆ ಅಂಗಳ, ಕಟ್ಟಕಡೆಗೆ ಅಪ್ಪನನ್ನು ಮಣ್ಣು ಮಾಡಿದ ಹೊಲ. ಹೊಲವನ್ನು ಕೊನೆಗಿಟ್ಟರೆ ಪರಿಣಾಮ ಹೆಚ್ಚು ಎಂದುಕೊಂಡಿದ್ದೆ. ಗಟ್ಟಿಯಾಗಿ ಓದಿದಾಗ ಏನೋ ಕೂರುತ್ತಿರಲಿಲ್ಲ. ಊರಿನ ನಕ್ಷೆಯನ್ನು ಮನಸ್ಸಿನಲ್ಲಿ ಬರೆದುಕೊಂಡೆ. ನಮ್ಮ ಹೊಲ ಊರಿನ ಪಡುವಣಕ್ಕಿದೆ. ಆ ದಿನದ ಮಳೆಯೂ ಪಡುವಣದಿಂದಲೇ ಬಂದದ್ದು. ಹಾಗಿದ್ದರೆ ಮಳೆ ಮನೆಗಿಂತ ಮೊದಲು ಹೊಲಕ್ಕೆ ಬಿದ್ದಿರಬೇಕು. ನಾವು ಒಣ ಹೊಸ್ತಿಲಲ್ಲಿ ನಿಂತಿದ್ದಾಗ ಅಪ್ಪನ ಮೇಲೆ ಆಗಲೇ ಮಳೆ ಬೀಳುತ್ತಿತ್ತು. ಪರಿಣಾಮಕ್ಕೆಂದು ನಾನು ಕಟ್ಟಿದ ಕ್ರಮಕ್ಕಿಂತ ನಿಜವಾದ ಕ್ರಮವೇ ಹೆಚ್ಚು ಹೇಳುತ್ತಿತ್ತು. ಕವಿತೆ ಕೊನೆಗೆ ಹೀಗೆ ನಿಂತಿತು:

ಮೊದಲು ಬಂದದ್ದು ಪಕ್ಕದೂರಿನ ಮಣ್ಣು.
ಧೂಳಿನ ಗಾಳಿ ಹೊತ್ತು ತಂದಿತು.
ಮೊರದ ಜೋಳ ಅಲ್ಲೇ ಬಿಟ್ಟು
ಅವ್ವ ಹೊಸ್ತಿಲಿಗೆ ಬಂದಳು.

ಆಮೇಲೆ ಹಳ್ಳದ ದಂಡೆ,
ಗೌಡರ ಎರೆ, ಬಂಡಿಯ ದಾರಿ.
ಒಂದೊಂದೇ ಹತ್ತಿರವಾಯಿತು.
ಅವ್ವ ಮೂಗಿನ ಮೇಲಿನ ಸೆರಗು ತೆಗೆದಳು.

ಆಮೇಲೆ ನಮ್ಮ ಹೊಲ.
ಬೇವಿನ ಬುಡದಲ್ಲಿ
ಶಿವರಾತ್ರಿಯ ಮರುದಿನ ಅಗೆದು ಮುಚ್ಚಿದ
ಆರಡಿ ಜಾಗವೂ ಸೇರಿ.

‘ಬಂತು’ ಅಂದಳು.
ಅಂಗಳಕ್ಕೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ.

ಮಳೆ ಮನೆಗೆ ಬರುವ ಹೊತ್ತಿಗೆ
ಮೂಗಿಗೆ ಏನೂ ಸಿಗುತ್ತಿರಲಿಲ್ಲ.
ಮೊರ ಅಲ್ಲೇ ಇತ್ತು.

ಇದರಲ್ಲಿ ‘ವಾಸನೆ’ ಎಂಬ ಪದವೇ ಇಲ್ಲ, ಘಮ, ಕಂಪುಗಳೂ ಇಲ್ಲ. ಮೊದಲ ಸಾಲಿನಲ್ಲಿ ‘ಮಣ್ಣಿನ ವಾಸನೆ’ ಎಂದೇ ಇತ್ತು. ತೆಗೆದಾಗ ಮಣ್ಣೇ ಎದ್ದು ನಡೆದುಬಂದಂತಾಯಿತು. ಓದುವವರಿಗೆ ಒಂದು ಕ್ಷಣ ಗೊಂದಲವಾಗುತ್ತದೆ, ಎಂಟನೆಯ ಸಾಲಿನ ಮೂಗಿಗೆ ಬರುವಷ್ಟರಲ್ಲಿ ಗೊಂದಲ ತಿಳಿಯಾಗುತ್ತದೆ. ಅಷ್ಟು ದೂರ ಕಾಯಿಸುವುದು ಸರಿ, ಅದಕ್ಕಿಂತ ಹೆಚ್ಚು ಕಾಯಿಸಿದರೆ ಓದುಗರು ಕೈಬಿಡುತ್ತಾರೆ. ಮಲ್ಲಿಗೆಯ ಪರೀಕ್ಷೆಯನ್ನು ಈಗ ಮಾಡಿ ನೋಡಿ. ‘ಮೊದಲು ಬಂದದ್ದು ಪಕ್ಕದೂರಿನ ಮಲ್ಲಿಗೆ’ ಎಂದರೆ ಮುಂದಿನ ಯಾವ ಸಾಲೂ ನಿಲ್ಲುವುದಿಲ್ಲ.

ಇನ್ನೊಂದು ಮಾತನ್ನು ತೆಗೆಯಲು ಬಹಳ ದಿನ ಹಿಡಿಯಿತು. ‘ಅಪ್ಪನನ್ನು ಮಣ್ಣು ಮಾಡಿದ ಜಾಗ’ ಎಂಬ ಸಾಲು ನನಗೆ ತುಂಬ ಇಷ್ಟವಾಗಿತ್ತು. ಹೂಳುವುದಕ್ಕೆ ನಾವು ‘ಮಣ್ಣು ಮಾಡುವುದು’ ಎನ್ನುತ್ತೇವೆ, ಕವಿತೆಯ ಮೊದಲ ಸಾಲೂ ಮಣ್ಣಿನಲ್ಲೇ ಮುಗಿಯುತ್ತದೆ, ಎರಡೂ ಎಷ್ಟು ಚೆನ್ನಾಗಿ ಕೂಡುತ್ತವೆ ಎಂದು. ಆದರೆ ಆ ಕೂಡುವಿಕೆಯನ್ನು ನಾನೇ ಮಾಡಿ ಕೊಟ್ಟುಬಿಟ್ಟರೆ ಓದುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ‘ಅಗೆದು ಮುಚ್ಚಿದ ಆರಡಿ’ ಎಂದಷ್ಟೇ ಇಟ್ಟೆ. ‘ಮಣ್ಣು ಮಾಡು’ ಎಂಬ ಮಾತು ಕನ್ನಡಿಗರ ಬಾಯಲ್ಲಿ ಮೊದಲೇ ಇದೆ. ಅದನ್ನು ಅವರೇ ತಂದು ಸೇರಿಸಿಕೊಳ್ಳುತ್ತಾರೆ.

ನೀವು ಹೇಳಿದ ನವಿಲು, ಗುಡುಗುಗಳ ತೊಂದರೆಯೂ ಇಲ್ಲೇ ಬಗೆಹರಿಯುತ್ತದೆ. ಬೇರೆ ಇಂದ್ರಿಯಗಳು ಬರಲೇಬಾರದು ಎಂದೇನಿಲ್ಲ. ಈ ಕವಿತೆಯಲ್ಲೂ ಮೊರ ಇದೆ, ಸೆರಗು ಇದೆ. ಆದರೆ ಅವೆರಡೂ ವಾಸನೆ ಹಿಡಿಯುತ್ತಿರುವವಳ ಕೈಯಲ್ಲಿರುವ ವಸ್ತುಗಳು. ಧೂಳಿಗೆ ಅಡ್ಡ ಹಿಡಿದಿದ್ದ ಸೆರಗನ್ನು ಅವಳು ಮೂಗಿನಿಂದ ತೆಗೆದದ್ದು ವಾಸನೆಯ ಕಾರಣಕ್ಕೆ, ಮೊರವನ್ನು ಬಿಟ್ಟದ್ದೂ ಅದೇ ಕಾರಣಕ್ಕೆ. ಗುಡುಗು ಆ ದಿನ ಇತ್ತು, ನಿಜ. ಆದರೆ ಅದು ವಾಸನೆಯಿಂದ ಹುಟ್ಟಿದ್ದಲ್ಲ, ಅದರ ಪಕ್ಕದಲ್ಲಿತ್ತು ಅಷ್ಟೇ. ಒಂದು ವಿವರ ಕವಿತೆಯಲ್ಲಿ ಇರಬೇಕೋ ಬೇಡವೋ ಎಂದು ಅನುಮಾನ ಬಂದರೆ ಅದನ್ನು ಹೀಗೇ ಕೇಳಿ: ಈ ವಾಸನೆ ಬರದಿದ್ದರೆ ಇದು ಆಗುತ್ತಿತ್ತೇ? ಆಗುತ್ತಿತ್ತು ಎಂದಾದರೆ ಬಿಡಿ.

ಎಷ್ಟು ಉದ್ದ ಬರೆಯಬೇಕು ಎಂಬುದನ್ನೂ ಮೂಗೇ ಹೇಳುತ್ತದೆ. ಯಾವ ವಾಸನೆಯಾದರೂ ಕೆಲವು ನಿಮಿಷ ಎಡೆಬಿಡದೆ ಬರುತ್ತಿದ್ದರೆ ಮೂಗು ಅದಕ್ಕೆ ಒಗ್ಗಿ ಸುಮ್ಮನಾಗುತ್ತದೆ. ಮಣ್ಣಿನ ವಾಸನೆ ಅಷ್ಟರಲ್ಲಿ ಹೋಗಿರಬೇಕೆಂದೇನಿಲ್ಲ, ನಮಗೆ ಸಿಗುವುದಿಲ್ಲ ಅಷ್ಟೇ. ಹೊರಗಿನಿಂದ ಆಗ ಬಂದವರು ‘ಎಂಥ ವಾಸನೆ!’ ಎನ್ನುತ್ತಾರೆ, ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಈ ಜಾತಿಯ ಕವಿತೆ ಹದಿನೈದು ಇಪ್ಪತ್ತು ಸಾಲಿನ ಆಸುಪಾಸಿನಲ್ಲಿ ದಣಿಯುವುದು ಸಹಜ. ನಲವತ್ತು ಸಾಲು ಬೇಕೆಂದರೆ ವಾಸನೆ ಮತ್ತೊಮ್ಮೆ, ಬೇರೆ ಕಡೆಯಿಂದ, ಬೇರೆಯವರಿಗೆ ಬರಬೇಕಾಗುತ್ತದೆ. ನನ್ನ ಕವಿತೆ ಮೂಗು ಸೋತಲ್ಲಿಗೆ ನಿಂತಿತು. ಆದರೂ ಕೊನೆಯ ಸಾಲಿಗೆ ಮೊರ ಬೇಕಾಯಿತು. ವಾಸನೆ ಹೋಯಿತು ಎಂದಷ್ಟೇ ಮುಗಿಸಿದರೆ ಅವ್ವ ಎಲ್ಲಿದ್ದಾಳೆ ಎಂಬುದು ತಿಳಿಯುತ್ತಿರಲಿಲ್ಲ. ಮೊರ ಅಲ್ಲೇ ಇದೆ ಎಂದರೆ ಅವಳು ಇನ್ನೂ ಹೊಸ್ತಿಲಲ್ಲೇ ಇದ್ದಾಳೆ.

‘ಬಂತು’ ಎಂದು ಅವಳು ಹೇಳಿದ್ದು ಮಳೆಗೋ ಮಣ್ಣಿಗೋ ಎಂದು ಒಬ್ಬ ಗೆಳತಿ ಕೇಳಿದಳು. ನನಗೂ ಗೊತ್ತಿಲ್ಲ. ಆ ದಿನ ಅವ್ವನನ್ನು ಕೇಳಲಿಲ್ಲ.

ಉಳಿದದ್ದು ಶೀರ್ಷಿಕೆ. ‘ಮೊದಲ ಮಳೆ’ ಎಂದಿಟ್ಟಿದ್ದೆ. ಅದು ಕವಿತೆ ಮುಂದೆ ಹೇಳುವುದನ್ನೇ ಹೇಳುತ್ತಿತ್ತು. ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರದವರೆಗೆ ನಮ್ಮಲ್ಲಿ ಭರಣಿ ಮಳೆಯ ಕಾಲ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ಅಪ್ಪನ ಬಾಯಲ್ಲಿ ಪ್ರತಿ ವರ್ಷ ಇರುತ್ತಿತ್ತು. ಶಿವರಾತ್ರಿಯಿಂದ ಅಲ್ಲಿಗೆ ಸುಮಾರು ಎರಡು ತಿಂಗಳು. ಅಷ್ಟು ದಿನ ಆ ಆರಡಿ ಮಣ್ಣು ಬಿಸಿಲಿಗೆ ಒಣಗಿತ್ತು ಎಂಬುದನ್ನು ಮಳೆಯ ಹೆಸರೊಂದೇ ಹೇಳಿಬಿಡುತ್ತದೆ, ಸಾಲಿನಲ್ಲಿ ಬರೆಯಬೇಕಾಗಿಲ್ಲ. ಅವ್ವ ಉಪ್ಪಿನಕಾಯಿ ಹಾಕಿ ಬಾಯಿ ಕಟ್ಟಿಡುವ ಜಾಡಿಗೂ ಭರಣಿ ಎಂದೇ ಹೆಸರು. ಕವಿತೆಗೆ ‘ಭರಣಿ’ ಎಂದಿಟ್ಟೆ.