ಪಿಂಗ್ ಬರಲಿಲ್ಲ ಅಂತ ಬ್ರಿಡ್ಜ್ಡ್‌ಗೆ ಹಾಕಬೇಡಿ

ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಉಬುಂಟು ವಿಎಂ ಇವೆ ಅಂದುಕೊಳ್ಳಿ: web ಮತ್ತು db. ಎರಡರಲ್ಲೂ `ip a` ಹೊಡೆದರೆ 10.0.2.15 ಅಂತಲೇ ಬರುತ್ತದೆ. web ಒಳಗಿನಿಂದ ಆ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರವೂ ಬರುತ್ತದೆ. ಆದರೆ ಉತ್ತರ ಕೊಡುವುದು db ಅಲ್ಲ, web ತನಗೆ ತಾನೇ ಕೊಟ್ಟುಕೊಳ್ಳುತ್ತಿರುತ್ತದೆ. ಡೇಟಾಬೇಸ್ ಮಾತ್ರ ಸಿಗುವುದಿಲ್ಲ. ಅಷ್ಟರಲ್ಲಿ ಪಕ್ಕದ ಸೀಟಿನಿಂದ ಸಲಹೆ ಬರುತ್ತದೆ: "ಬ್ರಿಡ್ಜ್ಡ್‌ಗೆ ಹಾಕಿಬಿಡಿ ಸಾರ್." ಹಾಕಿದರೆ ಸರಿಹೋಗುತ್ತದೆ ಕೂಡ. ತೊಂದರೆ ಶುರುವಾಗುವುದೇ ಅಲ್ಲಿಂದ.

ಎರಡಕ್ಕೂ ಒಂದೇ ವಿಳಾಸ ಬಂದಿದ್ದು ತಪ್ಪಲ್ಲ. ವರ್ಚುವಲ್‌ಬಾಕ್ಸ್ ಹೊಸ ವಿಎಂಗೆ ತಾನಾಗಿಯೇ ಕೊಡುವುದು ನ್ಯಾಟ್, ಅಂದರೆ ಪ್ರತಿ ವಿಎಂಗೂ ಅದರದ್ದೇ ಒಂದು ಪುಟ್ಟ ರೂಟರ್. ಬೇರೆ ಬೇರೆ ಬೀದಿಯಲ್ಲಿ ಎರಡು ಮನೆಗೂ 15ನೇ ನಂಬರ್ ಇರಬಹುದಲ್ಲ, ಹಾಗೆ. ಹೊರಗೆ ಹೋಗುವ ದಾರಿ ಇದೆ, apt ನಡೆಯುತ್ತದೆ. ಒಂದು ಬೀದಿಯಿಂದ ಇನ್ನೊಂದಕ್ಕೆ ಮಾತ್ರ ದಾರಿಯಿಲ್ಲ, ಹೊರಗಿನವರು ಒಳಗೆ ಬರಬೇಕಾದರೆ ಪೋರ್ಟ್ ಫಾರ್ವರ್ಡಿಂಗ್ ಹಾಕಬೇಕು. ಒಂದೇ ವಿಎಂ ಇದ್ದು, ಅದಕ್ಕೆ ಇಂಟರ್ನೆಟ್ ಸಿಕ್ಕರೆ ಸಾಕು ಅನ್ನುವವರಿಗೆ ನ್ಯಾಟ್‌ಗಿಂತ ಒಳ್ಳೆಯದು ಬೇರೆ ಇಲ್ಲ.

ಬ್ರಿಡ್ಜ್ಡ್‌ನಲ್ಲಿ ವಿಎಂ ತನ್ನದೇ ಮ್ಯಾಕ್ ವಿಳಾಸ ಹಿಡಿದು ನಿಜವಾದ ನೆಟ್‌ವರ್ಕಿಗೇ ಇಳಿಯುತ್ತದೆ. ಐಪಿ ಕೊಡುವುದು ನಿಮ್ಮ ಮನೆಯ ಅಥವಾ ಆಫೀಸಿನ ರೂಟರ್. ಮನೆಯಲ್ಲಿ 192.168.1.37 ಇದ್ದ db, ಆಫೀಸಿಗೆ ಬಂದ ಕೂಡಲೇ ಇನ್ನೇನೋ ಆಗಿರುತ್ತದೆ, ಕಾನ್ಫಿಗ್ ಫೈಲಿನಲ್ಲಿ ಬರೆದಿಟ್ಟ ವಿಳಾಸ ಸುಳ್ಳಾಗುತ್ತದೆ. ಆಫೀಸಿನ ಸ್ವಿಚ್‌ನಲ್ಲಿ ಒಂದು ಪೋರ್ಟಿಗೆ ಒಂದೇ ಮ್ಯಾಕ್ ಅಂತ ಕಟ್ಟಿದ್ದರೆ ನಿಮ್ಮ ಪೋರ್ಟೇ ಬಂದ್ ಆಗಬಹುದು. ವೈಫೈ ಮೇಲೆ ಬ್ರಿಡ್ಜ್ ಇನ್ನೂ ಎಡವಟ್ಟು: ಒಂದೇ ಕನೆಕ್ಷನ್ ಮೇಲೆ ಎರಡನೇ ಮ್ಯಾಕ್ ಬಂದರೆ ಆಕ್ಸೆಸ್ ಪಾಯಿಂಟ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ವರ್ಚುವಲ್‌ಬಾಕ್ಸ್ ಅದಕ್ಕಾಗಿ ಮ್ಯಾಕ್ ಬದಲಿಸುವ ಉಪಾಯ ಮಾಡುತ್ತದಾದರೂ ಎಲ್ಲ ಕಡೆ ನಡೆಯುತ್ತದೆ ಅಂತ ಭರವಸೆ ಕೊಡಲಾರೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಲ್ಯಾಬಿನ ವಿಎಂ ಒಂದರಲ್ಲಿ ಡಿಎಚ್‌ಸಿಪಿ ಸರ್ವರ್ ಕಲಿಯುತ್ತಾ ಅದನ್ನು ಬ್ರಿಡ್ಜ್ಡ್‌ನಲ್ಲಿ ಬಿಡುವುದು. ಅಕ್ಕಪಕ್ಕದ ಕಂಪ್ಯೂಟರ್‌ಗಳೆಲ್ಲ ನಿಮ್ಮ ವಿಎಂನಿಂದ ಐಪಿ ತೆಗೆದುಕೊಂಡು ಇಂಟರ್ನೆಟ್ ಕಳೆದುಕೊಳ್ಳಬಹುದು.

ಜನ ಮರೆಯುವುದು ಇಷ್ಟೇ: ನ್ಯಾಟ್, ಬ್ರಿಡ್ಜ್ಡ್, ಹೋಸ್ಟ್-ಓನ್ಲಿ ಈ ಮೂರರಲ್ಲಿ ಒಂದನ್ನೇ ಆರಿಸಬೇಕಿಲ್ಲ. ಒಂದು ವಿಎಂಗೆ ಎರಡು ಅಡಾಪ್ಟರ್ ಕೊಡಬಹುದು. ಮೊದಲನೆಯದು ನ್ಯಾಟ್, ಅದು ಇಂಟರ್ನೆಟ್ಟಿಗೆ. ಎರಡನೆಯದು ಹೋಸ್ಟ್-ಓನ್ಲಿ, ಅದು ವಿಎಂಗಳು ಮತ್ತು ನಿಮ್ಮ ಲ್ಯಾಪ್‌ಟಾಪ್ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು. ಹೋಸ್ಟ್-ಓನ್ಲಿಯಲ್ಲಿ ಲ್ಯಾಪ್‌ಟಾಪ್ ಸಾಮಾನ್ಯವಾಗಿ 192.168.56.1 ಆಗಿರುತ್ತದೆ, ಡಿಎಚ್‌ಸಿಪಿ ಹಂಚುವುದು 101ರಿಂದ ಮೇಲೆ. ಹಾಗಾಗಿ ಅದರ ಕೆಳಗಿನ ನಂಬರ್‌ಗಳನ್ನು ಕೈಯಾರೆ ಕೊಡಿ: web 11, db 12. ವಿಎಂ ಆಫ್ ಮಾಡಿ ಎರಡನೇ ಅಡಾಪ್ಟರ್ ಸೇರಿಸಿ, ಆನ್ ಮಾಡಿದರೆ ಉಬುಂಟು ಸರ್ವರ್‌ನಲ್ಲಿ ಅದು ಸಾಮಾನ್ಯವಾಗಿ enp0s8 ಅಂತ ಕಾಣಿಸುತ್ತದೆ, ಆದರೆ ಐಪಿ ಇರುವುದಿಲ್ಲ. ಕೆಟ್ಟುಹೋಗಿದೆ ಅಂದುಕೊಳ್ಳಬೇಡಿ, ಯಾರೂ ಹೇಳಿಲ್ಲ, ಅದು ಸುಮ್ಮನಿದೆ ಅಷ್ಟೆ. web ವಿಎಂನ `/etc/netplan` ಒಳಗಿನ ಫೈಲಿನಲ್ಲಿ ಹೀಗೆ ಬರೆಯಿರಿ, db ವಿಎಂನಲ್ಲಿ 11ರ ಬದಲು 12:

```
network:
  version: 2
  ethernets:
    enp0s3:
      dhcp4: true
    enp0s8:
      addresses: [192.168.56.11/24]
```

ಉಳಿಸಿ `sudo netplan apply`. enp0s8ಗೆ ಗೇಟ್‌ವೇ ಬರೆಯಲೇಬೇಡಿ. ಬರೆದರೆ ಹೊರಗೆ ಹೋಗಬೇಕಾದ ಪ್ಯಾಕೆಟ್‌ಗಳು ದಾರಿಯೇ ಇಲ್ಲದ ಕಡೆ ಹೊರಡಬಹುದು, apt ನಿಂತಲ್ಲೇ ನಿಲ್ಲುತ್ತದೆ. `ip route` ಹೊಡೆದಾಗ default ಸಾಲು ಒಂದೇ ಇರಬೇಕು, ಅದೂ 10.0.2.2 ಕಡೆಗೆ.

ಈಗ web ಇಂದ 192.168.56.12 ಸಿಗುತ್ತದೆ. ಆದರೆ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ 192.168.56.1ಕ್ಕೆ ಪಿಂಗ್ ಮಾಡಿ ಉತ್ತರ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಲ್ಯಾಪ್‌ಟಾಪ್‌ನಿಂದ ವಿಎಂಗೆ ಪಿಂಗ್ ಬರುತ್ತಿದ್ದರೆ ತಂತಿ ಸರಿಯಿದೆ. ವಿಂಡೋಸ್ ಫೈರ್‌ವಾಲ್ ಪಿಂಗ್ ತಡೆಯುತ್ತಿದೆ, ಅಷ್ಟೆ. ಇದೊಂದೇ ಕಾರಣಕ್ಕೆ ಮತ್ತೆ ಬ್ರಿಡ್ಜ್ಡ್‌ಗೆ ಓಡುವವರು ಕಡಿಮೆ ಇಲ್ಲ.

ಮೆಟಾಸ್ಪ್ಲಾಯ್ಟಬಲ್‌ನಂಥ, ಬೇಕೆಂದೇ ತೂತು ಬಿಟ್ಟ ವಿಎಂಗೆ ಮಾತ್ರ ನ್ಯಾಟ್ ಅಡಾಪ್ಟರ್ ಕೂಡ ಬೇಡ. ನ್ಯಾಟ್ ಒಳಬರುವುದನ್ನು ತಡೆಯುತ್ತದೆ, ಹೊರಹೋಗುವುದನ್ನಲ್ಲ. ಆ ವಿಎಂ ನಿಮ್ಮ ಆಫೀಸ್ ನೆಟ್‌ವರ್ಕಿನ ಬೇರೆ ಕಂಪ್ಯೂಟರ್‌ಗಳನ್ನೂ ತಟ್ಟಬಲ್ಲದು. ಬರೀ ಹೋಸ್ಟ್-ಓನ್ಲಿಯಲ್ಲಿಡಿ. ಲ್ಯಾಪ್‌ಟಾಪ್ ಕೂಡ ಅದರ ಕೈಗೆ ಸಿಗಬಾರದು ಅನ್ನುವಷ್ಟು ಜಾಗ್ರತೆ ಬೇಕಿದ್ದರೆ ಇಂಟರ್ನಲ್ ನೆಟ್‌ವರ್ಕ್ ಇದೆ.

ಹಾಗಾದರೆ ಬ್ರಿಡ್ಜ್ಡ್ ಯಾವಾಗ? ನಿಮ್ಮ ಲ್ಯಾಪ್‌ಟಾಪ್ ಅಲ್ಲದ ಇನ್ನೊಂದು ಯಂತ್ರ, ಅಂದರೆ ಆ್ಯಪ್ ಪರೀಕ್ಷಿಸುವ ಮೊಬೈಲೋ ಸಹೋದ್ಯೋಗಿಯ ಕಂಪ್ಯೂಟರೋ, ವಿಎಂಗೆ ನೇರವಾಗಿ ಬರಬೇಕಾದಾಗ. ಆಗಲೂ ಕೇಬಲ್ ಮೇಲೆ ಮಾಡಿ, ಆಫೀಸಿನಲ್ಲಾದರೆ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಮೊದಲೇ ಒಂದು ಮಾತು ಹೇಳಿ, ಕೆಲಸ ಮುಗಿದ ಮೇಲೆ ಅಡಾಪ್ಟರ್ ವಾಪಸ್ ಬದಲಿಸಿ.