ಗೀಸರ್ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತಿದೆ, ಮುಚ್ಚಿಬಿಡಬಹುದೇ?

ಪ್ರಶ್ನೆ: ನಮ್ಮದು ನಾಲ್ಕು ಜನರ ಮನೆ. ತಾರಸಿ ಮೇಲೆ ಟ್ಯಾಂಕ್ ಇದೆ, ಬಕೆಟ್‌ನಲ್ಲಿ ಸ್ನಾನ ಮಾಡುತ್ತೇವೆ. ಬಚ್ಚಲುಮನೆಗೆ 15 ಲೀಟರ್‌ನ ಸ್ಟೋರೇಜ್ ಗೀಸರ್ ಹಾಕಿಸಿದ್ದೇವೆ. ನೀರು ಕಾಯುವಾಗಲೆಲ್ಲ ಕೆಳಗಿನ ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತದೆ. ಅದರ ಬಾಯಿಗೆ ಪ್ಲಗ್ ಹಾಕಿದರೆ ಸಾಕು ಎನ್ನುತ್ತಾರೆ ಪ್ಲಂಬರ್. ಹಾಕಿಸಲೇ? ಇದರ ಬದಲು ಇನ್‌ಸ್ಟಂಟ್ ಗೀಸರನ್ನೇ ತಂದಿದ್ದರೆ ಚೆನ್ನಾಗಿತ್ತೇ?

ಉತ್ತರ: ಪ್ಲಗ್ ಖಂಡಿತ ಹಾಕಿಸಬೇಡಿ. ಕಾಯುವಾಗ ಮಾತ್ರ ತೊಟ್ಟಿಕ್ಕುತ್ತಿದ್ದರೆ ನಿಮ್ಮ ವಾಲ್ವ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಮೊದಲು ಎರಡನೇ ಪ್ರಶ್ನೆ ಮುಗಿಸೋಣ. ಚಳಿಗಾಲದ ಬೆಳಿಗ್ಗೆ ಟ್ಯಾಂಕ್ ನೀರು 20 ಡಿಗ್ರಿ, ಸ್ನಾನಕ್ಕೆ 40 ಡಿಗ್ರಿ ಬೇಕು ಎಂದುಕೊಳ್ಳಿ. 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಅಷ್ಟು ಬಿಸಿಯಾದ ನೀರನ್ನು ನಿಮಿಷಕ್ಕೆ ಸುಮಾರು 2 ಲೀಟರ್ ಮಾತ್ರ ಕೊಡಬಲ್ಲದು. 20 ಲೀಟರ್ ಬಕೆಟ್ ತುಂಬಲು ಒಂಬತ್ತು ನಿಮಿಷ ದಾಟುತ್ತದೆ. ನಲ್ಲಿ ಜೋರಾಗಿ ಬಿಟ್ಟರೆ ನೀರು ಉಗುರುಬೆಚ್ಚಗೆ ಬರುತ್ತದೆ. ಅಡುಗೆಮನೆಯ ಸಿಂಕ್‌ಗೆ ಅದು ಸಾಕು, ಬಚ್ಚಲಿಗೆ ಸಾಲದು. ನಿಮ್ಮ 15 ಲೀಟರ್ ಗೀಸರ್‌ನಲ್ಲಿ 60 ಡಿಗ್ರಿ ನೀರಿದ್ದರೆ, 10 ಲೀಟರ್ ಬಿಸಿನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಒಂದು ಬಕೆಟ್ ಆಯಿತು. ಒಳಬಂದ 10 ಲೀಟರ್ ತಣ್ಣೀರನ್ನು 2 ಕಿಲೋವ್ಯಾಟ್ ಕಾಯಿಲ್ ಸುಮಾರು 14 ನಿಮಿಷದಲ್ಲಿ ಮತ್ತೆ ಕಾಯಿಸುತ್ತದೆ. ಕಾಲು ಗಂಟೆಗೊಬ್ಬರಂತೆ ಹೋದರೆ ನಾಲ್ವರಿಗೂ ಸಾಲುತ್ತದೆ. ಶವರ್ ಬಳಸುವ ಮನೆಯಾಗಿದ್ದರೆ 25 ಲೀಟರ್‌ನದು ಬೇಕಾಗುತ್ತಿತ್ತು. ನಿಮ್ಮ ಆಯ್ಕೆ ಸರಿಯಾಗಿಯೇ ಇದೆ.

ಈಗ ವಾಲ್ವ್ ವಿಷಯ. ನೀರು ಕಾದರೆ ಹಿಗ್ಗುತ್ತದೆ. 20ರಿಂದ 60 ಡಿಗ್ರಿಗೆ ಏರುವಾಗ 15 ಲೀಟರ್ ನೀರು ಸುಮಾರು 230 ಮಿಲಿಲೀಟರ್ ಹೆಚ್ಚಾಗುತ್ತದೆ, ಅಂದರೆ ಒಂದು ಲೋಟದಷ್ಟು. ಗೀಸರ್ ಸದಾ ತುಂಬಿಯೇ ಇರುವುದರಿಂದ ಒಳಗೆ ಜಾಗವಿಲ್ಲ. ಬಿಸಿನೀರಿನ ನಲ್ಲಿ ಮುಚ್ಚಿದೆ. ನೀರು ಬಂದ ದಾರಿಯಲ್ಲೇ ಹಿಂದೆ ಹೋಗೋಣವೆಂದರೆ ಅಲ್ಲಿ ನಾನ್ ರಿಟರ್ನ್ ವಾಲ್ವ್ ತಡೆಯುತ್ತದೆ. ಒತ್ತಡ ಏರುತ್ತಾ ಹೋಗಿ, ಸೇಫ್ಟಿ ವಾಲ್ವ್‌ನ ಸ್ಪ್ರಿಂಗಿಗೆ ಗೊತ್ತುಮಾಡಿದ ಮಿತಿ ಮುಟ್ಟಿದಾಗ ಅದು ಹನಿಹನಿಯಾಗಿ ನೀರು ಬಿಡುತ್ತದೆ. ಸಾಮಾನ್ಯ ಸ್ಟೋರೇಜ್ ಗೀಸರ್‌ಗಳಲ್ಲಿ ಈ ಮಿತಿ 8 ಬಾರ್. ತಾರಸಿ ಟ್ಯಾಂಕಿನ ಒತ್ತಡ ಇದಕ್ಕೆ ಏನೇನೂ ಅಲ್ಲ, ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಅಷ್ಟೇ. ಆ ಬಾಯಿಗೆ ಪ್ಲಗ್ ಹಾಕಿದರೆ ಗೀಸರ್ ದಿನವೂ ಆ ಮಿತಿ ಮೀರಿ ಉಬ್ಬುತ್ತದೆ, ವೆಲ್ಡಿಂಗ್ ಬಿಡುತ್ತದೆ. ಅದರ ಮೇಲೆ ಥರ್ಮೋಸ್ಟಾಟ್ ಮತ್ತು ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಕಟ್‌ಔಟ್ ಎರಡೂ ಕೈಕೊಟ್ಟರೆ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಒಳಗೇ ಉಳಿದು, ಟ್ಯಾಂಕ್ ಒಡೆದ ಕ್ಷಣ ಒಮ್ಮೆಲೇ ಆವಿಯಾಗುತ್ತದೆ. ಗೀಸರ್ ಸ್ಫೋಟ ಎಂದರೆ ಇದೇ.

ಹಾಗಾದರೆ ನಾನ್ ರಿಟರ್ನ್ ವಾಲ್ವನ್ನೇ ತೆಗೆದರಾಗದೇ ಎಂದು ಕೆಲವರು ಕೇಳುತ್ತಾರೆ. ತೆಗೆದರೆ ತೊಟ್ಟಿಕ್ಕುವುದು ನಿಲ್ಲುತ್ತದೆ, ನಿಜ. ಆದರೆ ತಾರಸಿ ಟ್ಯಾಂಕ್ ಖಾಲಿಯಾದ ದಿನ ಯಾರಾದರೂ ಕೆಳಗಿನ ನಲ್ಲಿ ತೆರೆದರೆ ಗೀಸರ್‌ನ ನೀರೆಲ್ಲ ಇನ್‌ಲೆಟ್ ಮೂಲಕ ಹಿಂದಕ್ಕೆ ಹರಿದುಹೋಗುತ್ತದೆ. ಸ್ವಿಚ್ ಆನ್ ಇದ್ದರೆ ನೀರಿಲ್ಲದ ಕಾಯಿಲ್ ಸುಟ್ಟುಹೋಗುತ್ತದೆ. ಇನ್‌ಸ್ಟಂಟ್ ಗೀಸರ್‌ನಲ್ಲಿ ಇರುವುದೇ ಒಂದರಿಂದ ಮೂರು ಲೀಟರ್, ಅದು ಇನ್ನೂ ಬೇಗ ಸುಡುತ್ತದೆ. ಆದ್ದರಿಂದಲೇ ಕಂಪನಿಯವರು ಎರಡೂ ಕೆಲಸ ಮಾಡುವ ಒಂದೇ ವಾಲ್ವನ್ನು ಗೀಸರ್ ಜೊತೆಗೇ ಕೊಡುತ್ತಾರೆ. ಡಬ್ಬಿಯಲ್ಲಿ ಬಂದ ಅದೇ ವಾಲ್ವನ್ನು ಹಾಕಿಸಿ. ಅಂಗಡಿಯ ಬಿಡಿ ನಾನ್ ರಿಟರ್ನ್ ವಾಲ್ವ್‌ನಲ್ಲಿ ಒತ್ತಡ ಬಿಡುವ ದಾರಿ ಇರುವುದಿಲ್ಲ.

ಜೋಡಣೆ ಸರಿಯಿದೆಯೇ ಎಂದು ನೀವೇ ನೋಡಿಕೊಳ್ಳಬಹುದು. ಗೋಡೆಯ ಆ್ಯಂಗಲ್ ಕಾಕ್, ಅಲ್ಲಿಂದ ಕನೆಕ್ಷನ್ ಪೈಪ್, ಆಮೇಲೆ ಸೇಫ್ಟಿ ವಾಲ್ವ್, ನಂತರ ನೇರವಾಗಿ ಗೀಸರ್‌ನ ನೀಲಿ ಗುರುತಿನ ಬಾಯಿ. ಇದೇ ಸರಿಯಾದ ಕ್ರಮ. ವಾಲ್ವ್ ಮೇಲಿನ ಬಾಣ ಗೀಸರ್ ಕಡೆ ತಿರುಗಿರಬೇಕು. ವಾಲ್ವ್‌ಗೂ ಗೀಸರ್‌ಗೂ ನಡುವೆ ಇನ್ನೊಂದು ಕಾಕ್ ಇರಲೇಬಾರದು, ಯಾರಾದರೂ ಅದನ್ನು ಮುಚ್ಚಿದರೆ ವಾಲ್ವ್ ಇದ್ದೂ ಇಲ್ಲದಂತೆ. ತಿರುಪಿನ ಎಳೆಗೆ ಟೆಫ್ಲಾನ್ ಟೇಪನ್ನು ಎಳೆಯ ದಿಕ್ಕಿನಲ್ಲೇ ಸುತ್ತಬೇಕು. ಟೇಪಿನ ತುಂಡು ಒಳಗೆ ಸೇರಿದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಸದಾ ಸೋರುತ್ತದೆ. ಬಿಗಿ ಮಾಡುವಾಗ ಇನ್ನೊಂದು ಸ್ಪ್ಯಾನರ್‌ನಿಂದ ಆಧಾರ ಕೊಡದಿದ್ದರೆ ಗೀಸರ್‌ನ ಪೈಪೇ ತಿರುಚಿಕೊಳ್ಳಬಹುದು.

ಕೆಂಪು ಗುರುತಿನ ಬಾಯಿಯಿಂದ ಬಿಸಿನೀರು ಹೊರಬರುತ್ತದೆ. ಅಲ್ಲಿಂದ ಮುಂದೆ ಸಿಪಿವಿಸಿ ಪೈಪ್ ಇರಲಿ. ತಣ್ಣೀರಿನ ಸಾಮಾನ್ಯ ಪಿವಿಸಿ ಬಿಸಿಗೆ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಕೆಂಪು ನೀಲಿ ಅದಲುಬದಲಾದರೆ ಪತ್ತೆ ಸುಲಭ: ಗೀಸರ್ ಪೂರ್ತಿ ಕಾದು ದೀಪ ಆರಿದ್ದರೂ ಸ್ವಲ್ಪ ಹೊತ್ತಿಗೇ ತಣ್ಣೀರು ಬರುತ್ತದೆ. ಬಿಸಿನೀರು ಮೇಲೆ ನಿಲ್ಲುತ್ತದೆ, ಅದನ್ನು ಮೇಲಿನಿಂದ ತೆಗೆಯುವ ಉದ್ದ ಕೊಳವೆ ಕೆಂಪು ಕಡೆಗಿರುತ್ತದೆ. ಅದಲುಬದಲಾದಾಗ ನೀರು ತಳದಿಂದ ಹೊರಬರುತ್ತದೆ.

ವಾಲ್ವ್‌ನ ಹೊರಬಾಯಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ನೆಲದ ಜಾಲರಿಯ ಬಳಿಗೆ ಇಳಿಸಿ. ಅದು ಎಲ್ಲೂ ಮಡಚದೆ ಇಳಿಜಾರಾಗಿರಲಿ, ತುದಿ ತೆರೆದೇ ಇರಲಿ, ಕಣ್ಣಿಗೆ ಕಾಣುವಂತಿರಲಿ. ಹನಿ ಬಿಸಿಯಾಗಿರಬಹುದು, ಮಕ್ಕಳು ನಿಲ್ಲುವ ಜಾಗಕ್ಕೆ ಬೀಳಬಾರದು.

ಹೊಸ ಗೀಸರ್ ಆಗಲಿ, ರಿಪೇರಿಯಾದದ್ದಾಗಲಿ, ಮೊದಲು ಬಿಸಿನೀರಿನ ನಲ್ಲಿ ತೆರೆದಿಟ್ಟು ಇನ್‌ಲೆಟ್ ಕಾಕ್ ತಿರುಗಿಸಿ. ಗಾಳಿಯೆಲ್ಲ ಹೋಗಿ ನೀರು ಒಂದೇ ಸಮನೆ ಬಂದ ಮೇಲಷ್ಟೇ ಸ್ವಿಚ್ ಹಾಕಬೇಕು.

ಮುಂದೆಯೂ ಹನಿಯ ಮೇಲೆ ಗಮನವಿರಲಿ. ಗೀಸರ್ ಆಫ್ ಆಗಿ ತಣ್ಣಗಿರುವಾಗಲೂ ಸೋರಿದರೆ ಒಳಗೆ ಮರಳೋ ಸುಣ್ಣದ ಪದರವೋ ಸಿಕ್ಕಿಕೊಂಡಿದೆ. ಲಿವರ್ ಇರುವ ವಾಲ್ವ್ ಆದರೆ ಎರಡು ಮೂರು ಬಾರಿ ಎತ್ತಿ ಬಿಡಿ, ಕಸ ಕೊಚ್ಚಿಹೋಗಬಹುದು. ನಿಲ್ಲದಿದ್ದರೆ ಬದಲಿಸಿ. ಇದಕ್ಕೆ ತದ್ವಿರುದ್ಧವಾಗಿ, ಈಗ ತೊಟ್ಟಿಕ್ಕುತ್ತಿರುವ ವಾಲ್ವ್ ಮುಂದೊಂದು ದಿನ ಪೂರ್ತಿ ಒಣಗಿಬಿಟ್ಟರೆ ಸಮಾಧಾನಪಡಬೇಡಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಸುಣ್ಣ ಕಟ್ಟಿ ವಾಲ್ವ್ ಅಂಟಿಕೊಳ್ಳುವುದುಂಟು. ಆಗ ಇನ್‌ಲೆಟ್ ಕಡೆಯ ಕನೆಕ್ಷನ್ ಪೈಪ್ ಮುಟ್ಟಿ ನೋಡಿ. ಗೀಸರ್ ಕಾಯುವಾಗ ಅದೂ ಬಿಸಿಯಾಗುತ್ತಿದ್ದರೆ ನಾನ್ ರಿಟರ್ನ್ ಭಾಗ ಸವೆದು ನೀರು ಹಿಂದಕ್ಕೆ ಹೋಗುತ್ತಿರಬಹುದು. ಪೈಪ್ ತಣ್ಣಗೇ ಇದ್ದು, ಹನಿಯೂ ಇಲ್ಲ, ಲಿವರ್ ಎತ್ತಿದರೂ ನೀರು ಬರುವುದಿಲ್ಲ ಎಂದಾದರೆ ಗೀಸರ್ ಆಫ್ ಮಾಡಿ. ವಾಲ್ವ್ ಬದಲಿಸುವ ತನಕ ಸ್ವಿಚ್ ಹಾಕಬೇಡಿ.