ಹೆಜ್ಜೆ ಎಷ್ಟಿರಬೇಕು? ತ್ರಾಪಿಜ್ಯ ಮತ್ತು ಪರವಲಯ ನಿಯಮಗಳ ಹಿನ್ನೆಲೆ

ಬೆಂಗಳೂರಿನ ಯಾವುದೇ ಇಂಜಿನಿಯರಿಂಗ್ ಕಾಲೇಜಿನ ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಅನುಕಲನವನ್ನು ಅಂದಾಜು ಮಾಡುವ ಲೆಕ್ಕ ಬಂದರೆ, ಅದರ ಜೊತೆಗೆ ‘ಆರು ಸಮಭಾಗಗಳನ್ನು ಮಾಡಿಕೊಂಡು’ ಎಂಬಂಥ ಒಂದು ಸೂಚನೆಯೂ ಇರುತ್ತದೆ. ವಿದ್ಯಾರ್ಥಿಯು ಸೂತ್ರದಲ್ಲಿ ಬೆಲೆಗಳನ್ನು ತುಂಬಿ ಉತ್ತರ ಬರೆಯುತ್ತಾನೆ. ಭಾಗಗಳು ಆರೇ ಏಕೆ, ಅರವತ್ತಾದರೆ ಏನಾಗುತ್ತಿತ್ತು, ಬಂದ ಉತ್ತರದಲ್ಲಿ ಎಷ್ಟು ಅಂಕಿಗಳನ್ನು ನಂಬಬಹುದು ಎಂಬುದನ್ನು ಪತ್ರಿಕೆ ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳೇ ಆ ಕೇಳದೆ ಉಳಿದ ಪ್ರಶ್ನೆ. ಅದಕ್ಕೆ ಉತ್ತರ ರೂಪುಗೊಂಡ ಬಗೆಯನ್ನು ತಿಳಿಯಲು ಒಂದೇ ಒಂದು ಹಳೆಯ ಲೆಕ್ಕವನ್ನು ಕೊನೆಯವರೆಗೂ ಹಿಂಬಾಲಿಸಿದರೆ ಸಾಕು.

ತ್ರಾಪಿಜ್ಯಗಳ ಮೂಲಕ ಕ್ಷೇತ್ರಫಲವನ್ನು ಕಾಣುವ ಕ್ರಮ ಬಹಳ ಹಳೆಯದು. ಕ್ರಿ.ಪೂ. 350ರಿಂದ 50ರ ನಡುವಿನ ಬ್ಯಾಬಿಲೋನಿನ ಮಣ್ಣಿನ ಫಲಕಗಳಲ್ಲಿ ಗುರುಗ್ರಹದ ಚಲನೆಯನ್ನು ಹೀಗೆ ಲೆಕ್ಕ ಹಾಕಿರುವುದನ್ನು 2016ರಲ್ಲಿ ಮಥ್ಯೂ ಒಸೆಂಡ್ರೈವರ್ ಗುರುತಿಸಿದರು. ಒಂದು ಅಂಶಕ್ಕೆ 60 ಕಲೆಗಳೆಂಬ ಎಣಿಕೆಯಲ್ಲಿ, ಗ್ರಹದ ದಿನದ ವೇಗವು 60 ದಿನಗಳಲ್ಲಿ 12 ಕಲೆಗಳಿಂದ ಒಂಬತ್ತೂವರೆ ಕಲೆಗಳಿಗೆ ಇಳಿದರೆ, ಎರಡರ ಸರಾಸರಿಯನ್ನು 60ರಿಂದ ಗುಣಿಸಿ ಅದು ಕ್ರಮಿಸಿದ ದೂರ 10 ಅಂಶ 45 ಕಲೆ ಎಂದು ಬ್ಯಾಬಿಲೋನಿನವರು ಪಡೆಯುತ್ತಿದ್ದರು. ಅಲ್ಲಿ ವೇಗವು ಸರಳರೇಖೆಯಲ್ಲಿ ಇಳಿಯುತ್ತದೆಂದೇ ಭಾವಿಸಿದ್ದರಿಂದ ನಿಯಮದಿಂದ ಹುಟ್ಟುವ ದೋಷದ ಪ್ರಶ್ನೆಯೇ ಏಳಲಿಲ್ಲ. ದೋಷ ಕಾಣಿಸಿಕೊಳ್ಳಬೇಕಾದರೆ ರೇಖೆ ಬಾಗಿರಬೇಕು.

ಬಾಗಿದ ರೇಖೆಯ ಲೆಕ್ಕ ಭಾಸ್ಕರಾಚಾರ್ಯರಲ್ಲಿದೆ. 1150ರ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯಕ್ಕೆ ತಾವೇ ಬರೆದ ವ್ಯಾಖ್ಯಾನದಲ್ಲಿ, ಗೋಳದ ಮೇಲ್ಮೈಯ ಕ್ಷೇತ್ರಫಲವು ಪರಿಧಿ ಮತ್ತು ವ್ಯಾಸಗಳ ಗುಣಲಬ್ಧ ಏಕೆ ಎಂಬುದನ್ನು ಅವರು ತೋರಿಸುತ್ತಾರೆ. ಗೋಳದ ಪರಿಧಿ 96 ಎಂದಿಟ್ಟುಕೊಂಡು, ನೆಲ್ಲಿಕಾಯಿಯ ಮೇಲೆ ಕಾಣುವ ಗೆರೆಗಳಂತೆ ಮೇಲ್ಮೈಯನ್ನು ತುದಿಯಿಂದ ತುದಿಗೆ 96 ಹೋಳುಗಳಾಗಿ ಗುರುತಿಸುತ್ತಾರೆ. ಪ್ರತಿ ಹೋಳಿನ ಅಗಲ ನಡುವಿನಲ್ಲಿ 1, ತುದಿಗಳಲ್ಲಿ 0. ಅರ್ಧ ಹೋಳನ್ನು 24 ತುಂಡುಗಳಾಗಿ ವಿಭಾಗಿಸಿದರೆ ತುದಿಯಿಂದ k-ನೆಯ ಗೆರೆಯ ಅಗಲವು k-ನೆಯ ಜ್ಯಾವನ್ನು, ಅಂದರೆ ಹಳೆಯ ಕೋಷ್ಟಕದಲ್ಲಿ ತ್ರಿಜ್ಯದಿಂದ ಗುಣಿಸಿ ಬರೆದ sin ಬೆಲೆಯನ್ನು, ಆ ಕೋಷ್ಟಕದ ತ್ರಿಜ್ಯವಾದ 3438ರಿಂದ ಭಾಗಿಸಿದಷ್ಟು, ಮತ್ತು ಪ್ರತಿ ತುಂಡೂ ಒಂದು ತ್ರಾಪಿಜ್ಯ. ಈ ತ್ರಾಪಿಜ್ಯಗಳನ್ನು ಕೂಡಿಸುವ ಅವರ ವಿಧಿ ಹೀಗಿದೆ: ಎಲ್ಲ ಜ್ಯಾಗಳ ಮೊತ್ತದಿಂದ ತ್ರಿಜ್ಯದ ಅರ್ಧವನ್ನು ಕಳೆದು, ತ್ರಿಜ್ಯದ ಅರ್ಧದಿಂದಲೇ ಭಾಗಿಸಬೇಕು. ಕೊನೆಯ ಬೆಲೆಯನ್ನು ಅರ್ಧ ಮಾತ್ರ ತೆಗೆದುಕೊಳ್ಳುವ ಈ ಕ್ರಮವೇ ಇಂದು ನಾವು ಬರೆಯುವ ತ್ರಾಪಿಜ್ಯ ನಿಯಮ; ಇಲ್ಲಿ h ಎಂದರೆ ಹೆಜ್ಜೆ, ಅಂದರೆ ಒಂದು ಪಟ್ಟಿಯ ಅಗಲ, ಮತ್ತು y0ರಿಂದ yn ವರೆಗಿನವು ಪಟ್ಟಿಗಳ ಅಂಚುಗಳಲ್ಲಿನ ಬೆಲೆಗಳು:

```
T = h (y0/2 + y1 + y2 + … + yn/2)
```

ಪರಂಪರೆಯಿಂದ ಬಂದ 24 ಜ್ಯಾಗಳ ಮೊತ್ತ 54233. ಅದರಿಂದ 1719ನ್ನು ಕಳೆದು 1719ರಿಂದ ಭಾಗಿಸಿದರೆ ಇಡೀ ಹೋಳಿನ ಕ್ಷೇತ್ರಫಲ 30.549 ಬರುತ್ತದೆ. ಅರವತ್ತರ ಭಾಗಗಳಲ್ಲಿ ಇದು 30;33 ಆಗುತ್ತದೆ; ಪರಿಧಿ 96 ಇರುವ ಗೋಳದ ವ್ಯಾಸವೂ ಅಷ್ಟೇ. ಹೋಳುಗಳು 96 ಇರುವುದರಿಂದ ಒಟ್ಟು ಕ್ಷೇತ್ರಫಲವು ಪರಿಧಿಯನ್ನು ವ್ಯಾಸದಿಂದ ಗುಣಿಸಿದಷ್ಟಾಗುತ್ತದೆ.

ನಿಖರವಾದ ಬೆಲೆ 96/π, ಅಂದರೆ 30.5577. ಭಾಸ್ಕರರ ಮೊತ್ತ 0.0086ರಷ್ಟು ಕಡಿಮೆ ಇದೆ. ಕಡಿಮೆಯಾಗಲೇಬೇಕಿತ್ತು, ಏಕೆಂದರೆ ಜ್ಯಾರೇಖೆ ಹೊರಮುಖವಾಗಿ ಉಬ್ಬಿದೆ ಮತ್ತು ಎರಡು ಬಿಂದುಗಳನ್ನು ಕೂಡಿಸುವ ನೇರ ಗೆರೆ ಯಾವಾಗಲೂ ಉಬ್ಬಿನ ಕೆಳಗೇ ಹಾಯುತ್ತದೆ. ಎಷ್ಟು ಕಡಿಮೆ ಎಂಬುದನ್ನು ರೇಖೆಯ ಬಾಗು ನಿರ್ಧರಿಸುತ್ತದೆ. ಬಾಗಿನ ಅಳತೆ ಎರಡನೆಯ ನಿಷ್ಪನ್ನ, ಅಂದರೆ ಬದಲಾವಣೆಯ ದರವೇ ಬದಲಾಗುವ ದರ. a ಮತ್ತು b ನಡುವೆ ಅದರ ಗರಿಷ್ಠ ಪರಿಮಾಣ M2 ಆಗಿದ್ದರೆ ತ್ರಾಪಿಜ್ಯ ನಿಯಮದ ದೋಷವು (b−a)h²·M2/12 ಅನ್ನು ಮೀರುವುದಿಲ್ಲ. ಜ್ಯಾರೇಖೆಯ ವಿಷಯದಲ್ಲಿ ಇನ್ನೂ ಖಚಿತವಾಗಿ ಹೇಳಬಹುದು: ಕಾಲು ವೃತ್ತದ ಮೇಲೆ ಬರುವ ಕೊರತೆ ಒಟ್ಟು ಬೆಲೆಯ h²/12ರಷ್ಟಿರುತ್ತದೆ. ಇಲ್ಲಿ h = π/48, ಆದ್ದರಿಂದ ಕೊರತೆ 0.0109 ಇರಬೇಕು. ಭಾಸ್ಕರರ ಮೊತ್ತದಲ್ಲಿ ಕಂಡದ್ದು 0.0086 ಮಾತ್ರ. ಉಳಿದ 0.0023 ಎಲ್ಲಿ ಹೋಯಿತು ಎಂಬುದನ್ನು ಸದ್ಯಕ್ಕೆ ಬದಿಗಿಡೋಣ.

ಎರಡನೆಯ ನಿಯಮ ಹುಟ್ಟಿದ್ದು ಬೇರೆಯ ದಾರಿಯಲ್ಲಿ. ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆಯುವ ಬದಲು ಮೂರು ಬಿಂದುಗಳ ಮೂಲಕ ಪರವಲಯವನ್ನು ಹಾಯಿಸಿದರೆ, ಅದರ ಕೆಳಗಿನ ಕ್ಷೇತ್ರಫಲ h/3 (y0 + 4y1 + y2) ಆಗುತ್ತದೆ. ಪರವಲಯದ ತುಂಡಿನ ಕ್ಷೇತ್ರಫಲವನ್ನು ಆರ್ಕಿಮಿಡೀಸನೇ ಕಂಡುಕೊಂಡಿದ್ದ. ದ್ರಾಕ್ಷಾರಸದ ಪೀಪಾಯಿಗಳ ಗಾತ್ರವನ್ನು ಕುರಿತು 1615ರಲ್ಲಿ ಪುಸ್ತಕ ಬರೆದ ಕೆಪ್ಲರನ ಹೆಸರಿನಲ್ಲಿ ಜರ್ಮನ್ ಭಾಷಿಕರು ಈ ನಿಯಮವನ್ನು ಇಂದಿಗೂ ‘ಕೆಪ್ಲರನ ಪೀಪಾಯಿ ನಿಯಮ’ ಎನ್ನುತ್ತಾರೆ. ಜೇಮ್ಸ್ ಗ್ರೆಗರಿಗೂ ನ್ಯೂಟನ್ನನಿಗೂ ಇದರ ಪರಿಚಯವಿತ್ತು. ಆದರೂ ಉಳಿದುಕೊಂಡ ಹೆಸರು 1743ರಲ್ಲಿ ಇದನ್ನು ಪ್ರಕಟಿಸಿದ ಥಾಮಸ್ ಸಿಂಪ್ಸನ್ನನದು.

ಈ ನಿಯಮದ ನಿಜವಾದ ಬಲ ಅದರ ರಚನೆಯನ್ನು ನೋಡಿದ ಕೂಡಲೇ ತಿಳಿಯುವಂಥದ್ದಲ್ಲ. ಅದು ಪರವಲಯದಿಂದ ಹುಟ್ಟಿದ್ದರಿಂದ ಎರಡನೆಯ ಘಾತದವರೆಗೆ ಮಾತ್ರ ನಿಖರವಾಗಿರಬೇಕೆಂದು ತೋರುತ್ತದೆ. ಆದರೆ ಮೂರನೆಯ ಘಾತದ ಬಹುಪದಕ್ಕೂ ಅದು ನಿಖರ ಉತ್ತರವನ್ನೇ ಕೊಡುತ್ತದೆ, ಏಕೆಂದರೆ ನಡುಬಿಂದುವಿನ ಒಂದು ಪಕ್ಕದಲ್ಲಿ ಘನ ಪದದಿಂದ ಬರುವ ಹೆಚ್ಚಳವನ್ನು ಇನ್ನೊಂದು ಪಕ್ಕದ ಅಷ್ಟೇ ಕೊರತೆ ಅಳಿಸಿಹಾಕುತ್ತದೆ. ಆದ್ದರಿಂದ ದೋಷವು ನಾಲ್ಕನೆಯ ನಿಷ್ಪನ್ನದಿಂದ ಆರಂಭವಾಗುತ್ತದೆ; ಅದರ ಗರಿಷ್ಠ ಪರಿಮಾಣ M4 ಆಗಿದ್ದರೆ ದೋಷವು (b−a)h⁴·M4/180 ಅನ್ನು ಮೀರುವುದಿಲ್ಲ. ಹೆಜ್ಜೆಯನ್ನು ಅರ್ಧ ಮಾಡಿದರೆ ತ್ರಾಪಿಜ್ಯದ ದೋಷ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಪರವಲಯದ ದೋಷ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಇದರಿಂದ ಹೆಜ್ಜೆಯನ್ನು ಮೊದಲೇ ಆರಿಸುವ ದಾರಿ ಸಿಗುತ್ತದೆ. 0ರಿಂದ π/2ರವರೆಗೆ sin x ನ ಅನುಕಲನ 1. ಅದನ್ನು ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ನಿಖರವಾಗಿ ಬೇಕೆಂದರೆ M2 ಮತ್ತು M4 ಎರಡನ್ನೂ 1 ಎಂದಿಟ್ಟು ಮೇಲಿನ ಮಿತಿಗಳನ್ನು ಬಿಡಿಸಬಹುದು. ತ್ರಾಪಿಜ್ಯ ನಿಯಮಕ್ಕೆ 569 ಪಟ್ಟಿಗಳು ಬೇಕಾಗುತ್ತವೆ. ಪರವಲಯ ನಿಯಮಕ್ಕೆ 15.2 ಎಂದು ಬರುತ್ತದೆ. ಅದಕ್ಕೆ ಪಟ್ಟಿಗಳು ಸಮಸಂಖ್ಯೆಯಲ್ಲಿರಬೇಕಾದ್ದರಿಂದ 16 ಸಾಕು.

ಆದರೆ ನಾಲ್ಕನೆಯ ನಿಷ್ಪನ್ನ ಕೈಗೆ ಸಿಗುವ ಸಂದರ್ಭಗಳು ವಿರಳ. ಅಳತೆಯಿಂದ ಬಂದ ಬೆಲೆಗಳಿಗೆ ಸೂತ್ರವೇ ಇರುವುದಿಲ್ಲ. ಇಲ್ಲಿ ನೆರವಾಗುವುದು ಹೆಜ್ಜೆಯನ್ನು ಅರ್ಧ ಮಾಡಿ ಎರಡು ಉತ್ತರಗಳನ್ನು ಹೋಲಿಸುವ ಕ್ರಮ. ಕಲ್ಲಿನ ಅಣೆಕಟ್ಟಿನೊಳಗಿನ ಒತ್ತಡವನ್ನು ಲೆಕ್ಕ ಹಾಕುವ ಸಂದರ್ಭದಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ 1911ರ ತಮ್ಮ ಪ್ರಬಂಧದಲ್ಲಿ ಇಂಥ ಹೋಲಿಕೆಯನ್ನು ಬಳಸಿದರು. ಅದೇ ಜ್ಯಾರೇಖೆಗೆ 2, 4, 8 ಪಟ್ಟಿಗಳಲ್ಲಿ ತ್ರಾಪಿಜ್ಯ ನಿಯಮ ಕೊಡುವ ಬೆಲೆಗಳು ಹೀಗಿವೆ:

```
T2 = 0.94806
T4 = 0.98712
T8 = 0.99679
```

ಮೊದಲ ಏರಿಕೆ 0.03906, ಎರಡನೆಯದು 0.00967, ಅನುಪಾತ 4.04. ಪ್ರತಿ ಬಾರಿಯೂ ದೋಷ ಕಾಲು ಭಾಗಕ್ಕೆ ಇಳಿಯುತ್ತಿದ್ದರೆ, T8ರಲ್ಲಿ ಉಳಿದ ದೋಷವು ಕೊನೆಯ ಏರಿಕೆಯ ಮೂರನೆಯ ಒಂದು ಭಾಗ, ಅಂದರೆ 0.0032. ನಿಜವಾದ ದೋಷವೂ ಅಷ್ಟೇ. ಆ ಅಂದಾಜನ್ನು T8ಕ್ಕೆ ಕೂಡಿಸಿದರೆ ಸಿಗುವುದು ಎಂಟು ಪಟ್ಟಿಗಳ ಸಿಂಪ್ಸನ್ ಬೆಲೆಯೇ, 1.000008. ಎರಡು ನಿಯಮಗಳ ನಡುವಿನ ಈ ನಂಟು ನನಗೆ ಬಹಳ ಮೆಚ್ಚುಗೆಯಾದ ಸಂಗತಿ: ತ್ರಾಪಿಜ್ಯವು ತನ್ನ ದೋಷವನ್ನು ತಾನೇ ಅಳೆದು ತಿದ್ದಿಕೊಂಡಾಗ ಪರವಲಯ ನಿಯಮವಾಗುತ್ತದೆ. ಪರವಲಯ ನಿಯಮಕ್ಕೂ ಇದೇ ಪರೀಕ್ಷೆ ಅನ್ವಯಿಸುತ್ತದೆ, ಆದರೆ ಅಲ್ಲಿ ವ್ಯತ್ಯಾಸವನ್ನು 3ರ ಬದಲು 15ರಿಂದ ಭಾಗಿಸಬೇಕು. ವ್ಯತ್ಯಾಸ ದೊಡ್ಡದಾಗಿರುವ ಜಾಗದಲ್ಲಿ ಮಾತ್ರ ಹೆಜ್ಜೆಯನ್ನು ಕಿರಿದುಗೊಳಿಸುತ್ತ ಹೋಗುವ ಕಂಪ್ಯೂಟರ್ ವಿಧಾನವನ್ನು ವಿಲಿಯಂ ಮೆಕೀಮನ್ 1962ರಲ್ಲಿ ಪ್ರಕಟಿಸಿದರು.

ಅನುಪಾತವನ್ನು ನೋಡುವ ಅಭ್ಯಾಸ ಇಲ್ಲದವರು ಮೋಸ ಹೋಗುವುದು ಎರಡು ಕಡೆ. ಮೊದಲನೆಯದು, ರೇಖೆ ನಯವಾಗಿಲ್ಲದಿರುವುದು. √(1−x²) ಅನ್ನು 0ರಿಂದ 1ರವರೆಗೆ ಅನುಕಲಿಸಿ ಕಾಲು ವೃತ್ತದ ಕ್ಷೇತ್ರಫಲ ಪಡೆಯಲು ಹೊರಟರೆ, x = 1ರಲ್ಲಿ ರೇಖೆ ನೆಟ್ಟಗೆ ಕೆಳಗಿಳಿಯುವುದರಿಂದ ಅಲ್ಲಿ ನಿಷ್ಪನ್ನಗಳಿಗೆ ಮಿತಿಯೇ ಇರುವುದಿಲ್ಲ. ಹೆಜ್ಜೆಯನ್ನು ಅರ್ಧ ಮಾಡಿದಾಗ ಎರಡೂ ನಿಯಮಗಳ ದೋಷ ಸುಮಾರು 2.8 ಪಟ್ಟು ಮಾತ್ರ ಇಳಿಯುತ್ತದೆ, ಸಿಂಪ್ಸನ್ನನಿಂದ ನಿರೀಕ್ಷಿಸಿದ 16 ಎಲ್ಲೂ ಕಾಣುವುದಿಲ್ಲ. ಇಂಥ ಕಡೆ ಪಟ್ಟಿಗಳನ್ನು ಹೆಚ್ಚಿಸುವುದಕ್ಕಿಂತ x = sin θ ಎಂದು ಬದಲಿಸುವುದು ಲೇಸು; ಆಗ ಅನುಕಲಿಸಬೇಕಾದದ್ದು cos²θ ಆಗುತ್ತದೆ ಮತ್ತು ತ್ರಾಪಿಜ್ಯ ನಿಯಮ ಒಂದೇ ಪಟ್ಟಿಯಲ್ಲಿ ನಿಖರವಾದ π/4 ಅನ್ನು ಕೊಡುತ್ತದೆ.

ಎರಡನೆಯದು, ಬೆಲೆಗಳೇ ಒರಟಾಗಿರುವುದು. ಭಾಸ್ಕರರ ಲೆಕ್ಕದಲ್ಲಿ ಬದಿಗಿಟ್ಟ 0.0023ರ ವಿವರಣೆ ಇಲ್ಲಿದೆ. ಅದೇ 24 ಜ್ಯಾಗಳಿಗೆ ಸಿಂಪ್ಸನ್ ನಿಯಮ ಹಚ್ಚೋಣ. ಬೆಸ ಸ್ಥಾನಗಳ ಮೊತ್ತ 26285, ಕೊನೆಯದನ್ನು ಬಿಟ್ಟು ಸಮ ಸ್ಥಾನಗಳ ಮೊತ್ತ 24510, ಕೊನೆಯದು 3438. ಮೊದಲನೆಯದನ್ನು 4ರಿಂದ, ಎರಡನೆಯದನ್ನು 2ರಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ 3ರಿಂದ ಭಾಗಿಸಿದರೆ 52532.67; ಅದನ್ನು 1719ರಿಂದ ಭಾಗಿಸಿದರೆ 30.5600. ನಿಯಮದ ದೋಷ ಇಲ್ಲಿ 0.000003ರಷ್ಟು ಮಾತ್ರ ಇರಬೇಕಿತ್ತು, ಆದರೆ ಉತ್ತರ ನಿಜಬೆಲೆಗಿಂತ 0.0023 ಹೆಚ್ಚಾಗಿದೆ. ಜ್ಯಾಗಳನ್ನು ಪೂರ್ಣಾಂಕಗಳಲ್ಲಿ ಬರೆದಾಗ ಅವುಗಳ ಮೊತ್ತ ಸ್ವಲ್ಪ ಮೇಲಕ್ಕೆ ವಾಲಿತ್ತು. ತ್ರಾಪಿಜ್ಯದ ಕೊರತೆಯಲ್ಲಿ ಅಷ್ಟನ್ನು ಮುಚ್ಚಿಹಾಕಿದ್ದೂ ಈ ವಾಲುವಿಕೆಯೇ. ಈ ಕೋಷ್ಟಕ ಕೈಯಲ್ಲಿರುವವರೆಗೆ ಇದಕ್ಕಿಂತ ಉತ್ತಮ ನಿಯಮವಾಗಲಿ, ಇದಕ್ಕಿಂತ ಕಿರಿದಾದ ಹೆಜ್ಜೆಯಾಗಲಿ ಉತ್ತರವನ್ನು ಸುಧಾರಿಸಲಾರದು.

ಬೆಂಗಳೂರಿನ ಕೆರೆಯೊಂದರ ಅಂಚನ್ನು ಸರ್ವೆ ಮಾಡುವವರು ಎದುರಿಸುವುದು ಇವೆರಡನ್ನೂ ಒಟ್ಟಿಗೆ. ಆಧಾರರೇಖೆಯಿಂದ 10 ಮೀಟರಿಗೊಂದು ಅಡ್ಡಳತೆ ತೆಗೆದುಕೊಂಡಿದ್ದು, ಪಟ್ಟಿಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವಂತಿದ್ದರೆ, ಹೊಸ ಅಳತೆ ಇಲ್ಲದೆಯೇ ಪರೀಕ್ಷೆ ಮಾಡಬಹುದು: ಎಲ್ಲ ಅಳತೆಗಳಿಂದ ಒಮ್ಮೆ, ಒಂದು ಬಿಟ್ಟು ಒಂದರಿಂದ ಒಮ್ಮೆ, ಮೂರು ಬಿಟ್ಟು ಒಂದರಿಂದ ಒಮ್ಮೆ ತ್ರಾಪಿಜ್ಯ ನಿಯಮದಲ್ಲಿ ಕ್ಷೇತ್ರಫಲ ಕಾಣಬೇಕು. ಎರಡು ವ್ಯತ್ಯಾಸಗಳ ಅನುಪಾತ 4ರ ಸುತ್ತಮುತ್ತ ಇದ್ದರೆ ಅಂಚು ಆ ಹೆಜ್ಜೆಗೆ ಸಾಕಷ್ಟು ನಯವಾಗಿದೆಯೆಂದು ತಿಳಿದು ಸಿಂಪ್ಸನ್ ಬೆಲೆಯನ್ನು ಸ್ವೀಕರಿಸಬಹುದು. ಅನುಪಾತ 4ರಿಂದ ದೂರವಿದ್ದರೆ ಸಿಂಪ್ಸನ್ ನಿಯಮದ ಮೇಲ್ಮೆಗೆ ಆಧಾರವಿಲ್ಲ. ಅಂಚು ಚೂಪಾಗಿ ತಿರುಗುವ ಕಡೆ ಹೆಚ್ಚುವರಿ ಅಡ್ಡಳತೆ ತೆಗೆಯಬೇಕು. ಆಗ ಅಂತರಗಳು ಅಸಮವಾಗುತ್ತವೆ. 1, 4, 2, 4, 1 ಎಂಬ ತೂಕಗಳು ಸಮಾನ ಅಂತರಕ್ಕೆ ಮಾತ್ರ ಸಲ್ಲುವುದರಿಂದ, ಆ ಭಾಗದ ಪಟ್ಟಿಗಳನ್ನು ಒಂದೊಂದಾಗಿ ತ್ರಾಪಿಜ್ಯಗಳೆಂದೇ ಲೆಕ್ಕ ಹಾಕಿ ಕೂಡಿಸಬೇಕು.